ಷೇರನ್ನು ಇಲ್ಲಿನವರು ಕೊಂಡರು, ಡಾಲರ್ ಯಾರು ಕೊಡಬೇಕು?

2024ರ ಅಕ್ಟೋಬರ್ ತಿಂಗಳೊಂದರಲ್ಲೇ ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರು, ಅಂದರೆ ಎಫ್‌ಪಿಐಗಳು, ಭಾರತದ ಷೇರುಗಳಿಂದ ನಿವ್ವಳ 94,017 ಕೋಟಿ ರೂಪಾಯಿ ಹಿಂತೆಗೆದುಕೊಂಡರು. ಡಾಲರ್ ಲೆಕ್ಕದಲ್ಲಿ ಅದು ಸುಮಾರು 11 ಬಿಲಿಯನ್. ಒಂದು ಬಿಲಿಯನ್ ಅಂದರೆ 100 ಕೋಟಿ. ಅಲ್ಲಿಯವರೆಗೆ ಯಾವ ತಿಂಗಳಲ್ಲೂ ಷೇರುಗಳಿಂದ ಇಷ್ಟು ಹಣ ಹೊರಗೆ ಹೋಗಿರಲಿಲ್ಲ. ಚೀನಾ ಸರ್ಕಾರ ಸೆಪ್ಟೆಂಬರ್ ಕೊನೆಯಲ್ಲಿ ದೊಡ್ಡ ಉತ್ತೇಜನ ಘೋಷಿಸಿತ್ತು, ಅಲ್ಲಿನ ಷೇರುಗಳು ಅಗ್ಗವಾಗಿದ್ದವು, ನಮ್ಮವು ದುಬಾರಿಯಾಗಿದ್ದವು. ಹಣ ಆ ಕಡೆ ಹೊರಳಿತು.

ಅದೇ ತಿಂಗಳು ನಮ್ಮ ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು ಸೇರಿ ಒಂದು ಲಕ್ಷ ಕೋಟಿಗೂ ಜಾಸ್ತಿ ಮೊತ್ತದ ಷೇರು ಕೊಂಡವು. ನಿಫ್ಟಿ ಸುಮಾರು 6 ಪರ್ಸೆಂಟ್ ಇಳಿಯಿತು, ಆದರೆ ಪೇಟೆ ಕುಸಿದು ಬೀಳಲಿಲ್ಲ. ಆಗ ಎಲ್ಲೆಲ್ಲೂ ಕೇಳಿಬಂದ ಮಾತು ಒಂದೇ: ವಿದೇಶಿಯರು ಹೋದರೆ ಹೋಗಲಿ, ನಮ್ಮವರು ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ಹಣ ಇದೆಯಲ್ಲ.

ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದಿದ್ದರೆ ರೂಪಾಯಿಗೆ ಏನಾಗುತ್ತದೆ ಅನ್ನೋದು ಅರ್ಥವೇ ಆಗುವುದಿಲ್ಲ. ವಿದೇಶಿಯರು ಮಾರಿದಾಗ ನಡೆಯುವುದು ಒಂದು ವ್ಯಾಪಾರವಲ್ಲ, ಎರಡು. ಮೊದಲು ಷೇರು ಕೊಟ್ಟು ರೂಪಾಯಿ ತೆಗೆದುಕೊಳ್ಳುತ್ತಾರೆ. ಆಮೇಲೆ ಆ ರೂಪಾಯಿ ಕೊಟ್ಟು ಡಾಲರ್ ತೆಗೆದುಕೊಳ್ಳುತ್ತಾರೆ. ಮೊದಲನೆಯ ವ್ಯಾಪಾರಕ್ಕೆ ಎದುರು ನಿಲ್ಲಲು ಎಸ್‌ಐಪಿ ಹಣ ಸಾಕು. ಎರಡನೆಯದಕ್ಕೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಎಸ್‌ಐಪಿ ಕಟ್ಟುವವರ ಹತ್ತಿರ ಇರುವುದು ರೂಪಾಯಿ, ಡಾಲರ್ ಅಲ್ಲ.

ಈ ಎರಡನೇ ವ್ಯಾಪಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಕ್ಟೋಬರ್‌ನ ಒಂದು ಸೋಮವಾರ ಅಂದುಕೊಳ್ಳಿ. ಹೊರದೇಶದ ಒಂದು ಫಂಡ್ ಎರಡು ವರ್ಷದ ಹಿಂದೆ 700 ಕೋಟಿ ರೂಪಾಯಿಗೆ ಕೊಂಡಿದ್ದ ಷೇರುಗಳನ್ನು ಇವತ್ತು 860 ಕೋಟಿಗೆ ಮಾರುತ್ತದೆ. ಈ ಲೆಕ್ಕ ನಾನು ಮಾಡಿಕೊಂಡಿದ್ದು, ಹಂತಗಳು ಮಾತ್ರ ನಿಜವಾಗಿ ನಡೆಯುವಂಥವೇ.

ಆ ಫಂಡಿನ ಷೇರು ಮತ್ತು ಹಣ ಎರಡನ್ನೂ ಇಟ್ಟುಕೊಳ್ಳುವುದು ಕಸ್ಟೋಡಿಯನ್, ಸಾಮಾನ್ಯವಾಗಿ ಒಂದು ದೊಡ್ಡ ಬ್ಯಾಂಕು. ಬ್ರೋಕರ್ ಮಾರಿದ ಲೆಕ್ಕವನ್ನು ಅದು ತಾಳೆ ನೋಡಿ ಒಪ್ಪುತ್ತದೆ. 2023ರ ಜನವರಿ 27ರಿಂದ ನಮ್ಮ ಎಲ್ಲ ಷೇರುಗಳ ಚುಕ್ತಾ ಮಾರನೇ ದಿನವೇ ಆಗುತ್ತದೆ. ಹಾಗಾಗಿ ಮಂಗಳವಾರ ಷೇರು ಹೋಗಿ ರೂಪಾಯಿ ಬರುತ್ತದೆ. ಅದನ್ನು ಹಾಗೇ ಹೊರಗೆ ಕಳಿಸುವಂತಿಲ್ಲ. ಮೊದಲು ತೆರಿಗೆ ಲೆಕ್ಕ ಆಗಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ 12.5 ಪರ್ಸೆಂಟ್ ತೆರಿಗೆ. 160 ಕೋಟಿ ಲಾಭಕ್ಕೆ 20 ಕೋಟಿ. ಸರ್ಚಾರ್ಜು, ಬ್ರೋಕರೇಜು ಇತ್ಯಾದಿ ಸಣ್ಣಪುಟ್ಟದ್ದನ್ನು ಬಿಟ್ಟುಬಿಡೋಣ. ಕೈಯಲ್ಲಿ ಉಳಿಯುವುದು 840 ಕೋಟಿ. ಡಾಲರ್‌ಗೆ 84 ರೂಪಾಯಿಯಂತೆ ಅದು ಸರಿಯಾಗಿ 10 ಕೋಟಿ ಡಾಲರ್.

ಈಗ ಮುಖ್ಯ ಪ್ರಶ್ನೆ. ಡಾಲರ್ ಕೊಳ್ಳುವುದು ಯಾವಾಗ? ಮಂಗಳವಾರ ರೂಪಾಯಿ ಬರಲಿ, ಆಮೇಲೆ ನೋಡೋಣ ಅಂತ ಫಂಡ್ ಕೂರಬಹುದು. ಆದರೆ ಬಹಳ ಜನ ಕೂರುವುದಿಲ್ಲ. ಷೇರು ಮಾರಿ ಆಗಿದೆ, ಇನ್ನು ಆ ಹಣಕ್ಕೆ ಉಳಿದಿರುವುದು ರೂಪಾಯಿ ಇಳಿಯುವ ಅಪಾಯ ಮಾತ್ರ. ಅದನ್ನು ಸುಮ್ನೆ ಯಾಕೆ ಹೊತ್ತುಕೊಳ್ಳಬೇಕು? ಹಾಗಾಗಿ ಸೋಮವಾರವೇ ದರ ಕುದುರಿಸಿ, ಡಾಲರ್ ಮಾತ್ರ ಮಂಗಳವಾರ ಕೊಡಿ ಎಂದು ಹೇಳಬಹುದು. ಡೀಲರ್‌ಗಳು ಇದನ್ನು ‘ಟಾಮ್’ ಅನ್ನುತ್ತಾರೆ. ಅದೇ ದಿನ ಕೈಸೇರುವುದು ‘ಕ್ಯಾಶ್’. ಎರಡು ಕೆಲಸದ ದಿನ ಬಿಟ್ಟು ಸೇರುವುದು ‘ಸ್ಪಾಟ್’, ಟಿವಿಯಲ್ಲಿ ನಾವು ನೋಡುವ ದರ ಇದೇ. ಹಣ ಯಾವತ್ತು ಕೈ ಬದಲಾಯಿಸುತ್ತದೆ ಅನ್ನೋದು ಬೇರೆ ಮಾತು. ದರದ ಮೇಲೆ ಒತ್ತಡ ಬೀಳುವುದು ಒಪ್ಪಂದ ಆದ ಗಳಿಗೆಯಲ್ಲಿ. ಷೇರು ಮಾರಾಟಕ್ಕೂ ರೂಪಾಯಿಯ ಏಟಿಗೂ ನಡುವೆ ಒಂದೆರಡು ದಿನಕ್ಕಿಂತ ಜಾಸ್ತಿ ಅಂತರ ಇರದಿರುವುದು ಇದರಿಂದಲೇ.

ಬ್ಯಾಂಕಿನ ಡೀಲಿಂಗ್ ರೂಮಿಗೆ ಬನ್ನಿ. ಡೀಲರ್ ಆ ಫಂಡಿಗೆ 84.05ಕ್ಕೆ ಸುಮಾರು 10 ಕೋಟಿ ಡಾಲರ್ ಕೊಡುತ್ತೇನೆ ಅಂತ ಒಪ್ಪಿದ್ದಾನೆ. ಆದರೆ ಅವನ ಹತ್ತಿರ ಡಾಲರ್ ರಾಶಿ ಬಿದ್ದಿಲ್ಲ. ಬೇರೆ ಬ್ಯಾಂಕುಗಳಿಂದ ಕೊಂಡೇ ಕೊಡಬೇಕು. ನಾಳೆ ಕೊಂಡರಾಯಿತು ಅನ್ನುವ ಹಾಗೂ ಇಲ್ಲ. ರಾತ್ರಿಯಿಡೀ ಎಷ್ಟು ಡಾಲರ್ ಬಾಕಿ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಪ್ರತಿ ಬ್ಯಾಂಕಿಗೂ ಒಂದು ಮಿತಿ ಇದೆ, ಅದರೊಳಗೆ ಅವನಿಗೂ ಒಂದು ಮಿತಿ. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುತ್ತದೆ.

ಒಟ್ಟಿಗೇ 10 ಕೋಟಿ ಕೇಳಿದರೆ ಎದುರಿನವರು ಕೂಡಲೇ ದರ ಏರಿಸುತ್ತಾರೆ. ಅದಕ್ಕೆ ಅವನು ಹತ್ತು ಲಕ್ಷ, ಇಪ್ಪತ್ತು ಲಕ್ಷದ ತುಂಡು ಮಾಡಿ ಸ್ಕ್ರೀನಿನಲ್ಲಿ ಎತ್ತಿಕೊಳ್ಳುತ್ತಾ ಹೋಗುತ್ತಾನೆ. 84.0400ಕ್ಕೆ ಮಾರಾಟಕ್ಕಿದ್ದ ಡಾಲರ್ ಖಾಲಿ. ಮುಂದಿನ ಮೆಟ್ಟಿಲು 84.0425. ಇಲ್ಲಿ ದರ ಏರುವುದು ಕಾಲು ಪೈಸೆಯ ಲೆಕ್ಕದಲ್ಲಿ. ಅದೂ ಖಾಲಿ, 84.0450. ಯಾರೋ ಒಬ್ಬ ಬಿಡದೆ ಕೊಳ್ಳುತ್ತಿದ್ದಾನೆ ಅಂತ ಉಳಿದವರಿಗೆ ಅಷ್ಟು ಹೊತ್ತಿಗೆ ವಾಸನೆ ಹತ್ತಿರುತ್ತದೆ. ಮಾರಲು ಇಟ್ಟಿದ್ದವರು ತಮ್ಮ ದರ ತೆಗೆದು ಎರಡು ಪೈಸೆ ಮೇಲೆ ಇಡುತ್ತಾರೆ. ಅವನು ಬೆವರುತ್ತಾನೆ, ಯಾಕೆಂದರೆ ಗಿರಾಕಿಗೆ 84.05 ಅಂತ ಮಾತು ಕೊಟ್ಟಾಗಿದೆ. ದಿನಕ್ಕೆ ಇಂಥ ಒಂದು ಆರ್ಡರ್ ಬಂದರೆ ರೂಪಾಯಿ ಒಂದೆರಡು ಪೈಸೆ ಅಲುಗಾಡಿ ಸುಮ್ಮನಾಗುತ್ತದೆ. ಎಲ್ಲ ಕಸ್ಟೋಡಿಯನ್ ಬ್ಯಾಂಕುಗಳಿಗೂ ಒಂದೇ ದಿಕ್ಕಿನ ಆರ್ಡರ್, ಅದೂ ದಿನದ ಮೇಲೆ ದಿನ ಬರುತ್ತಾ ಹೋದರೆ?

ಇಲ್ಲಿ ಒಂದು ಸಂದೇಹ ಬರಬೇಕು. ಡಾಲರ್-ರೂಪಾಯಿ ಪೇಟೆ ಅಷ್ಟು ದೊಡ್ಡದು, ಕೆಲವು ಕೋಟಿ ಡಾಲರ್‌ಗೆ ಅದು ಯಾಕೆ ಅಲುಗಾಡಬೇಕು? ಯಾಕೆಂದರೆ ಆ ವಹಿವಾಟಿನ ಬಹುಪಾಲು ಬ್ಯಾಂಕುಗಳು ತಮ್ಮೊಳಗೆ ಕೈಯಿಂದ ಕೈಗೆ ದಾಟಿಸಿಕೊಳ್ಳುವುದು. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವನು ಡಾಲರ್ ತರುವುದೂ ಇಲ್ಲ, ಒಯ್ಯುವುದೂ ಇಲ್ಲ. ನಿಜಕ್ಕೂ ಡಾಲರ್ ತಂದುಕೊಡುವವರು ರಫ್ತುದಾರರು, ಹೊರಗಿಂದ ದುಡ್ಡು ಕಳಿಸುವವರು, ಹೊಸ ಹೂಡಿಕೆ ಮಾಡುವವರು. ನಿಜಕ್ಕೂ ಒಯ್ಯುವವರು ಆಮದುದಾರರು, ಸಾಲ ತೀರಿಸುವವರು, ವಾಪಸ್ ಹೋಗುವ ಹೂಡಿಕೆದಾರರು. ಈ ಎರಡು ಗುಂಪುಗಳ ನಡುವೆ ಒಂದು ದಿನಕ್ಕೆ ಉಳಿಯುವ ವ್ಯತ್ಯಾಸ ಒಟ್ಟು ವಹಿವಾಟಿನ ಎದುರು ತೀರಾ ಚಿಕ್ಕದು. ದರ ನಿರ್ಧರಿಸುವುದು ಆ ಚಿಕ್ಕ ವ್ಯತ್ಯಾಸವೇ. ದಿನಕ್ಕೆ 50 ಕೋಟಿ ಡಾಲರ್ ಹೊಸದಾಗಿ ಒಂದೇ ಕಡೆಗೆ ಬಿದ್ದರೆ ತಕ್ಕಡಿ ವಾಲುತ್ತದೆ.

ಒತ್ತಡ ಎಷ್ಟೋ ಸಲ ಆರ್ಡರಿಗಿಂತ ಮುಂಚೆಯೇ ಬಂದುಬಿಡುತ್ತದೆ. ಪ್ರತಿದಿನ ಸಂಜೆ ಷೇರು ವಿನಿಮಯ ಕೇಂದ್ರಗಳು ವಿದೇಶಿಯರು ಇವತ್ತು ಎಷ್ಟು ಕೊಂಡರು, ಎಷ್ಟು ಮಾರಿದರು ಅಂತ ತಾತ್ಕಾಲಿಕ ಅಂಕಿ ಹೊರಗೆ ಬಿಡುತ್ತವೆ. 5,000 ಕೋಟಿ ನಿವ್ವಳ ಮಾರಾಟ ಅಂತ ಕಂಡರೆ, ನಾಳೆ ಯಾವ ಕಡೆ ಆರ್ಡರ್ ಬರುತ್ತದೆ ಅಂತ ಡೀಲರ್‌ಗೆ ರಾತ್ರಿಯೇ ಗೊತ್ತು. ಇನ್ನು ಸಿಂಗಪುರ, ಲಂಡನ್, ದುಬೈನಲ್ಲಿ ರೂಪಾಯಿ ಕೊಡದೆ, ತೆಗೆದುಕೊಳ್ಳದೆ, ದರದ ವ್ಯತ್ಯಾಸವನ್ನಷ್ಟೇ ಡಾಲರ್‌ನಲ್ಲಿ ಚುಕ್ತಾ ಮಾಡುವ ಎನ್‌ಡಿಎಫ್ ಪೇಟೆ ಇದೆ. ನಾವು ಮಲಗಿದಾಗ ಅದು ಎದ್ದಿರುತ್ತದೆ. ಅಲ್ಲಿ ರಾತ್ರಿ ರೂಪಾಯಿ ಇಳಿದಿದ್ದರೆ, ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿನ ಪೇಟೆ ಅದೇ ಕೆಳಮಟ್ಟದಲ್ಲಿ ಬಾಗಿಲು ತೆರೆಯುತ್ತದೆ.

ಇಲ್ಲಿಂದ ಮುಂದೆ ಷೇರಿಗೆ ಸಂಬಂಧವೇ ಇಲ್ಲದವರು ಸೇರಿಕೊಳ್ಳುತ್ತಾರೆ. ಮುಂದಿನ ತಿಂಗಳು ಬಿಲ್ ಕಟ್ಟಬೇಕಾದ ಆಮದುದಾರ, ದರ ಇನ್ನೂ ಏರುವ ಮುಂಚೆ ಕೊಂಡುಬಿಡೋಣ ಅಂತ ಇವತ್ತೇ ಬರುತ್ತಾನೆ. ಕೈಯಲ್ಲಿ ಡಾಲರ್ ಇರುವ ರಫ್ತುದಾರ, ಇನ್ನೊಂದು ವಾರ ತಡೆದರೆ ಜಾಸ್ತಿ ರೂಪಾಯಿ ಸಿಗುತ್ತದೆ ಅಂತ ಕಾಯುತ್ತಾನೆ. ಇಬ್ಬರದೂ ತಪ್ಪಲ್ಲ, ಅವರವರ ವ್ಯಾಪಾರಕ್ಕೆ ಅದೇ ಸರಿ. ಆದರೆ ಕೊಳ್ಳುವವರು ಮುಂದಕ್ಕೆ ಬಂದು, ಮಾರುವವರು ಹಿಂದಕ್ಕೆ ಸರಿದಾಗ, ಎಫ್‌ಪಿಐಗಳ 10 ಕೋಟಿ ಡಾಲರ್ ಬೇಡಿಕೆ ಪೇಟೆಯಲ್ಲಿ 20 ಕೋಟಿಯ ಹಾಗೆ ಕಾಣುತ್ತದೆ.

ಮಾರದೆ ಕುಳಿತ ವಿದೇಶಿ ಫಂಡಿಗೂ ಬಿಸಿ ತಟ್ಟುತ್ತದೆ. ಅದು ತನ್ನ ಲಾಭ-ನಷ್ಟ ನೋಡುವುದು ಡಾಲರ್‌ನಲ್ಲಿ. ಷೇರು 6 ಪರ್ಸೆಂಟ್ ಇಳಿದು ರೂಪಾಯಿಯೂ 3 ಪರ್ಸೆಂಟ್ ಇಳಿದರೆ, ಅದರ ಪುಸ್ತಕದಲ್ಲಿ ನಷ್ಟ ಸುಮಾರು 9 ಪರ್ಸೆಂಟ್. ಇಲ್ಲಿನ ಹೂಡಿಕೆದಾರನಿಗೆ ಕಾಣದ ನಷ್ಟ ಅದಕ್ಕೆ ಕಾಣುತ್ತದೆ, ಅದೂ ಮಾರಲು ಹೊರಡುತ್ತದೆ.

ಹಾಗಿದ್ದರೆ 2024ರ ಅಕ್ಟೋಬರ್‌ನಲ್ಲಿ ರೂಪಾಯಿ ಪಾತಾಳಕ್ಕೆ ಇಳಿದಿರಬೇಕು, ಅಲ್ವಾ? ಇಳಿಯಲಿಲ್ಲ. ಸೆಪ್ಟೆಂಬರ್ ಕೊನೆಗೆ ಡಾಲರ್‌ಗೆ 83.80 ಇದ್ದದ್ದು ಅಕ್ಟೋಬರ್ ಕೊನೆಗೆ 84.08ರ ಆಸುಪಾಸು. ದಾಖಲೆ ಮಾರಾಟದ ತಿಂಗಳಲ್ಲಿ ರೂಪಾಯಿ ಕಳೆದುಕೊಂಡದ್ದು 28 ಪೈಸೆ, ಅಂದರೆ ಅರ್ಧ ಪರ್ಸೆಂಟಿಗೂ ಕಡಿಮೆ. ಮೂರು ತಿಂಗಳು ಮುಂದೆ ಬನ್ನಿ. 2025ರ ಜನವರಿಯಲ್ಲಿ ಎಫ್‌ಪಿಐಗಳು ಷೇರುಗಳಿಂದ ತೆಗೆದದ್ದು 78,027 ಕೋಟಿ, ಅಕ್ಟೋಬರ್‌ಗಿಂತ ಕಡಿಮೆ. ಆದರೆ ರೂಪಾಯಿ 85.60ರಿಂದ 86.60ರ ಸುತ್ತಮುತ್ತ ಬಂದು ನಿಂತಿತು. ಒಂದು ರೂಪಾಯಿ ಹೋಯಿತು.

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಈ ಎರಡು ತಿಂಗಳ ಹೋಲಿಕೆಯಲ್ಲಿ. ಒತ್ತಡ ಬೇರೆ, ದರ ಬೇರೆ. ಅಕ್ಟೋಬರ್‌ನಲ್ಲೂ ಒತ್ತಡ ಇತ್ತು, ಜನವರಿಗಿಂತ ಜಾಸ್ತಿಯೇ ಇತ್ತು. ಆದರೆ ಡಾಲರ್ ಕೇಳಿದವರಿಗೆಲ್ಲ ಕೊಡುವವರೊಬ್ಬರು ಇದ್ದರು: ರಿಸರ್ವ್ ಬ್ಯಾಂಕ್. ಆ ತಿಂಗಳು ಅದು ನಿವ್ವಳ 9 ಬಿಲಿಯನ್‌ಗೂ ಜಾಸ್ತಿ ಡಾಲರ್ ಮಾರಿತು, ನವೆಂಬರ್‌ನಲ್ಲಿ 20 ಬಿಲಿಯನ್. ಡೀಲಿಂಗ್ ರೂಮಿನಲ್ಲಿ ಇದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕಾಣುವುದಿಲ್ಲ. ಸರ್ಕಾರಿ ಬ್ಯಾಂಕುಗಳು ಒಂದು ದರದಲ್ಲಿ ಡಾಲರ್ ಕೊಡುತ್ತಲೇ ಇರುತ್ತವೆ, ಎಷ್ಟು ಎತ್ತಿದರೂ ಆ ದರ ಖಾಲಿಯಾಗುವುದಿಲ್ಲ. ನಮ್ಮ ಡೀಲರ್‌ನ 84.0425ರ ಮೆಟ್ಟಿಲು ಅವತ್ತು ಖಾಲಿಯಾಗದಿದ್ದರೆ, ಅವನಿಗೆ ಕಾರಣ ತಕ್ಷಣ ಹೊಳೆಯುತ್ತದೆ.

ಆಗ ಒತ್ತಡ ದರದಲ್ಲಿ ಕಾಣದೆ ವಿದೇಶಿ ವಿನಿಮಯ ಸಂಗ್ರಹದಲ್ಲಿ ಕಾಣುತ್ತದೆ. 2024ರ ಸೆಪ್ಟೆಂಬರ್ 27ಕ್ಕೆ ಸುಮಾರು 705 ಬಿಲಿಯನ್ ಡಾಲರ್ ಇದ್ದ ಸಂಗ್ರಹ ಜನವರಿ ಮಧ್ಯಕ್ಕೆ 625 ಬಿಲಿಯನ್ ಹತ್ತಿರ ಬಂತು. ಅಷ್ಟೂ ಮಾರಿದ್ದಲ್ಲ. ಸಂಗ್ರಹದಲ್ಲಿ ಯೂರೋ, ಯೆನ್, ಚಿನ್ನವೂ ಇರುತ್ತವೆ. ಡಾಲರ್ ಬಲವಾದಾಗ ಯೂರೋ, ಯೆನ್‌ಗಳ ಡಾಲರ್ ಬೆಲೆ ತಾನಾಗಿಯೇ ಇಳಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ಡಾಲರ್ ಬಹಳ ಬಲವಾಗಿತ್ತು. ನವೆಂಬರ್ 5ರ ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಗೆದ್ದ ಮೇಲೆ ಅದು ಇನ್ನಷ್ಟು ಏರಿತು. ಹಾಗಾಗಿ ಜನವರಿಯ ಒಂದು ರೂಪಾಯಿ ಇಳಿತವನ್ನು ಪೂರ್ತಿ ಎಫ್‌ಪಿಐಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದರಲ್ಲಿ ಡಾಲರ್‌ನ ಪಾಲಿದೆ, ಹಳೆಯ ಹಾಗೆ ಒಂದೇ ಮಟ್ಟದಲ್ಲಿ ಹಿಡಿದಿಡದೆ ರಿಸರ್ವ್ ಬ್ಯಾಂಕ್ ಸ್ವಲ್ಪ ಸಡಿಲ ಬಿಟ್ಟದ್ದರ ಪಾಲೂ ಇದೆ.

ರೂಪಾಯಿಯನ್ನು ಹಿಡಿದಿಡಲು ಡಾಲರ್ ಮಾತ್ರ ಖರ್ಚಾಗುವುದಿಲ್ಲ. ಈ ಬೆಲೆಯ ಬಗ್ಗೆ ಮಾತು ಬಹಳ ಕಡಿಮೆ. ರಿಸರ್ವ್ ಬ್ಯಾಂಕ್ ಒಂದು ಬಿಲಿಯನ್ ಡಾಲರ್ ಮಾರಿದರೆ, 85ರ ದರದಲ್ಲಿ 8,500 ಕೋಟಿ ರೂಪಾಯಿ ಬ್ಯಾಂಕುಗಳ ಖಾತೆಯಿಂದ ಅದರ ಬಳಿಗೆ ಹೋಗಿ ಮಾಯವಾಗುತ್ತದೆ. ಹೀಗೆ ಹತ್ತಿಪ್ಪತ್ತು ಬಿಲಿಯನ್ ಮಾರಿದರೆ ಬ್ಯಾಂಕುಗಳಲ್ಲಿ ನಗದಿನ ಬರ ಬೀಳುತ್ತದೆ, ಒಂದು ದಿನದ ಸಾಲದ ಬಡ್ಡಿ ಏರುತ್ತದೆ. ತೆರಿಗೆ ಕಟ್ಟುವ ಸಮಯವೂ ಸೇರಿ ಜನವರಿಯಲ್ಲಿ ಈ ಕೊರತೆ 3 ಲಕ್ಷ ಕೋಟಿ ದಾಟಿತ್ತು. ಅದಕ್ಕೂ ಮುಂಚೆ, ಡಿಸೆಂಬರ್‌ನಲ್ಲೇ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇಡಬೇಕಾದ ಹಣದ ಪಾಲು, ಅಂದರೆ ಸಿಆರ್‌ಆರ್, 4.5ರಿಂದ 4 ಪರ್ಸೆಂಟಿಗೆ ಇಳಿದು 1.16 ಲಕ್ಷ ಕೋಟಿ ಬಿಡುಗಡೆಯಾಗಿತ್ತು. ಅದೂ ಸಾಕಾಗಿರಲಿಲ್ಲ. ಹೊರಗಿನ ಫಂಡೊಂದು ಷೇರು ಮಾರಿದ್ದು, ಷೇರಿನ ಗೊಡವೆಗೇ ಹೋಗದ ಒಂದು ಚಿಕ್ಕ ಕಂಪನಿಯ ಸಾಲದ ಬಡ್ಡಿಯನ್ನು ಮುಟ್ಟುವುದು ಈ ದಾರಿಯಲ್ಲಿ. ನನಗೆ ಅತಿ ಹೆಚ್ಚು ಕಳವಳ ತರುವುದೂ ಇದೇ.

2013ರಲ್ಲಿ ಇನ್ನೊಂದು ಉಪಾಯ ನೋಡಿದ್ದೆವು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಾಂಡ್ ಖರೀದಿ ಕಡಿಮೆ ಮಾಡಬಹುದು ಅಂತ ಅದರ ಆಗಿನ ಅಧ್ಯಕ್ಷ ಬೆನ್ ಬರ್ನಾಂಕಿ ಮೇ 22ರಂದು ಸುಳಿವು ಕೊಟ್ಟ ಮೇಲೆ ವಿದೇಶಿ ಹಣ ಹೊರಗೆ ಹರಿಯಿತು. ಆಗ ಹೋದದ್ದು ಷೇರಿಗಿಂತ ಸಾಲಪತ್ರಗಳ ಹಣವೇ ಜಾಸ್ತಿ. 55ರ ಸುತ್ತ ಇದ್ದ ಡಾಲರ್ ಆಗಸ್ಟ್ 28ಕ್ಕೆ 68 ದಾಟಿತು. ಅವತ್ತೇ ರಿಸರ್ವ್ ಬ್ಯಾಂಕ್ ಸರ್ಕಾರಿ ತೈಲ ಕಂಪನಿಗಳಿಗೆ ಬೇಕಾದ ಡಾಲರನ್ನು ನೇರವಾಗಿ ತಾನೇ ಕೊಡುವ ವ್ಯವಸ್ಥೆ ಘೋಷಿಸಿತು. ಹೋಗುವ ಹೂಡಿಕೆದಾರರನ್ನು ತಡೆಯಲಿಲ್ಲ, ಅವರ ಜೊತೆ ಅದೇ ಸಾಲಿನಲ್ಲಿ ನಿಂತಿದ್ದ ಅತಿ ದೊಡ್ಡ ಗಿರಾಕಿಯನ್ನು ಸಾಲಿನಿಂದ ಆಚೆ ಕರೆದುಕೊಂಡಿತು, ಅಷ್ಟೇ.

ಸಂಜೆ ಬರುವ ಅಂಕಿಯನ್ನು ನೋಡಿ ನಾಳೆಯ ರೂಪಾಯಿ ಊಹಿಸುವವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆ ಅಂಕಿಯಲ್ಲೇ. 2024ರ ಅಕ್ಟೋಬರ್‌ಗೆ ವಿನಿಮಯ ಕೇಂದ್ರಗಳ ದಿನದ ಅಂಕಿಗಳನ್ನು ಕೂಡಿದರೆ 1.14 ಲಕ್ಷ ಕೋಟಿ ಮಾರಾಟ. ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವ ಎನ್‌ಎಸ್‌ಡಿಎಲ್ ಸಂಸ್ಥೆಯ ಲೆಕ್ಕದಲ್ಲಿ 94 ಸಾವಿರ ಕೋಟಿ. ನಡುವಿನ 20 ಸಾವಿರ ಕೋಟಿಯ ವ್ಯತ್ಯಾಸ ಬಹುಪಾಲು ಬರುವುದು ಐಪಿಒಗಳಿಂದ, ಅಂದರೆ ಕಂಪನಿಗಳು ಮೊದಲ ಸಲ ಜನರಿಗೆ ಷೇರು ಮಾರುವುದರಿಂದ; ದಿನದ ಅಂಕಿಯಲ್ಲಿ ಆ ಖರೀದಿ ಸೇರುವುದಿಲ್ಲ. ಅದೇ ವಿದೇಶಿಯರು ಒಂದು ಕೈಯಲ್ಲಿ ಹಳೆ ಷೇರು ಮಾರಿ, ಇನ್ನೊಂದು ಕೈಯಲ್ಲಿ ಐಪಿಒ ಅರ್ಜಿ ಹಾಕುತ್ತಿದ್ದರು. ಆ ರೂಪಾಯಿ ಡಾಲರ್ ಪೇಟೆಯ ಮುಖವನ್ನೇ ನೋಡಲಿಲ್ಲ. ಮಾರಿದ ಹಣವನ್ನು ಸರ್ಕಾರಿ ಸಾಲಪತ್ರಕ್ಕೆ ಹಾಕಿದರೂ, ಸುಮ್ನೆ ರೂಪಾಯಿ ಖಾತೆಯಲ್ಲೇ ಬಿಟ್ಟರೂ ಅಷ್ಟೇ.

ಎರಡನೆಯದು ಹೆಡ್ಜಿಂಗ್, ಅಂದರೆ ದರದ ಏರಿಳಿತದಿಂದ ಮೊದಲೇ ರಕ್ಷಣೆ ಮಾಡಿಕೊಳ್ಳುವುದು. ರೂಪಾಯಿ ಇಳಿಯಬಹುದು ಅಂತ ಮೂರು ತಿಂಗಳ ಹಿಂದೆಯೇ ಒಂದು ಫಂಡ್, ರೂಪಾಯಿಯನ್ನು ಆಮೇಲೆ ಕೊಡುವ ಕರಾರಿನಲ್ಲಿ, ಮುಂಗಡ ದರಕ್ಕೆ ಡಾಲರ್ ಕೊಂಡಿಟ್ಟಿದೆ ಅಂದುಕೊಳ್ಳಿ. ಇವತ್ತು ಅದು ಷೇರು ಮಾರಿದರೆ, ಬಂದ ರೂಪಾಯಿ ಆ ಹಳೆಯ ಒಪ್ಪಂದವನ್ನು ತೀರಿಸಲು ಹೋಗುತ್ತದೆ. ಹೊಸದಾಗಿ ಡಾಲರ್ ಬೇಕಿಲ್ಲ. ಅದರ ಒತ್ತಡ ಮೂರು ತಿಂಗಳ ಹಿಂದೆಯೇ, ಒಂದೂ ಷೇರು ಮಾರದೆ, ರೂಪಾಯಿಯ ಮೇಲೆ ಬಿದ್ದು ಹೋಗಿರುತ್ತದೆ. ಉಲ್ಟಾ ಕೂಡ ನಡೆಯುತ್ತದೆ. ಷೇರು ಮಾರಾಟದ ಅಂಕಿ ಸೊನ್ನೆ, ಆದರೂ ರೂಪಾಯಿ ಇಳಿಯುತ್ತಿದೆ, ಯಾಕೆಂದರೆ ಫಂಡ್‌ಗಳು ಷೇರು ಇಟ್ಟುಕೊಂಡೇ ರಕ್ಷಣೆ ಕೊಳ್ಳುತ್ತಿವೆ.

ಇಳಿತಕ್ಕೆ ಷೇರು ಮಾರಾಟವೇ ಕಾರಣವೋ ಬೇರೆಯೋ ಅಂತ ತಿಳಿಯಲು ನಾನು ಮೊದಲು ನೋಡುವುದು ನೆರೆಯವರನ್ನು. ಇಂಡೊನೇಷ್ಯಾದ ರುಪಿಯಾ, ಕೊರಿಯಾದ ವಾನ್, ಚೀನಾದ ಯುವಾನ್ ಎಲ್ಲವೂ ಅವತ್ತು ಅಷ್ಟೇ ಇಳಿದಿದ್ದರೆ ಅದು ಡಾಲರ್‌ನ ಕಥೆ. ಅವೆಲ್ಲ ನಿಂತಲ್ಲೇ ನಿಂತು ರೂಪಾಯಿ ಒಂದೇ ಜಾರಿದ್ದರೆ ಆಗ ಹಿಂದಿನ ಸಂಜೆಯ ಮಾರಾಟದ ಅಂಕಿ ತೆಗೆದು ನೋಡಬೇಕು. ಅಂಕಿ ದೊಡ್ಡದಿದ್ದೂ ರೂಪಾಯಿ ಅಲುಗಾಡದಿದ್ದರೆ, ರಿಸರ್ವ್ ಬ್ಯಾಂಕ್ ವಾರಕ್ಕೊಮ್ಮೆ ಕೊಡುವ ಸಂಗ್ರಹದ ಲೆಕ್ಕಕ್ಕೆ ಕಾಯಬೇಕು.

ಆ ಲೆಕ್ಕದಲ್ಲೂ ಎಲ್ಲ ಕಾಣುವುದಿಲ್ಲ. ಇವತ್ತೇ ಡಾಲರ್ ಕೊಡದೆ, ಮುಂದೆ ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕ್ ಮುಂಗಡ ಒಪ್ಪಂದದಲ್ಲೂ ಮಾರಬಹುದು. ಆಗ ಸಂಗ್ರಹ ಇಳಿಯುವುದಿಲ್ಲ, ಬಾಕಿ ಬೆಳೆಯುತ್ತದೆ. 2024ರ ಡಿಸೆಂಬರ್ ಕೊನೆಗೆ ಹೀಗೆ ಮುಂದೆ ಕೊಡಬೇಕಾದ ನಿವ್ವಳ ಡಾಲರ್ ಬಾಕಿ ಸುಮಾರು 68 ಬಿಲಿಯನ್ ಆಗಿತ್ತು. ಜನವರಿ 31ರಂದು ನಗದಿನ ಬರ ನೀಗಿಸಲು ಬ್ಯಾಂಕುಗಳಿಂದ 5 ಬಿಲಿಯನ್ ಡಾಲರ್ ತೆಗೆದುಕೊಂಡು ರೂಪಾಯಿ ಕೊಟ್ಟಾಗ, ಆ ಡಾಲರನ್ನು ಆರು ತಿಂಗಳ ನಂತರ ಹಿಂದಿರುಗಿಸುವ ಕರಾರೂ ಜೊತೆಗಿತ್ತು. ಅಕ್ಟೋಬರ್‌ನಲ್ಲಿ ಷೇರು ಮಾರಿ ಹೋದವರ ಹಣ ಕೆಲವೇ ದಿನದಲ್ಲಿ ದೇಶ ದಾಟಿತ್ತು. ಅದರಿಂದ ಶುರುವಾದ ಡಾಲರ್ ಬಾಕಿ ಮಾತ್ರ ಮುಂದಿನ ಆಗಸ್ಟ್‌ವರೆಗೂ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಉಳಿಯಿತು.